ಡ್ರೋನ್ ವಿಡಿಯೊದ ಮೂಲೆಯಲ್ಲಿ ಇಣುಕುವ ಪ್ರೊಪೆಲ್ಲರ್

"ಡ್ರೋನ್ ಜೋರಾಗಿ ಮುಂದೆ ಹೋದಾಗ ಮೇಲಿನ ಮೂಲೆಯಲ್ಲಿ ಪ್ರೊಪೆಲ್ಲರ್ ಕಾಣ್ತಿದೆ. ಮತ್ತೆ ಶೂಟ್ ಮಾಡೋಕಾಗಲ್ಲ. ಎಡಿಟಿಂಗ್‌ನಲ್ಲಿ ತೆಗೆಯೋದು ಹೇಗೆ?"

ಮೊದಲು ಕ್ರಾಪ್ ಸಾಕಾಗುತ್ತದಾ ನೋಡಿ. 3840×2160 ವಿಡಿಯೊವನ್ನು 110%ಗೆ ಹಿಗ್ಗಿಸಿ, ಚಿತ್ರವನ್ನು ಪೂರ್ತಿ ಮೇಲಕ್ಕೆ ಸರಿಸಿದರೆ ಮೇಲಿನ ಸುಮಾರು 196 ಸಾಲು ಪಿಕ್ಸೆಲ್ ಹೊರಗೆ ಹೋಗುತ್ತದೆ. ಕೊನೆಗೆ 1080ರಲ್ಲಿ ಕೊಡುವುದಾದರೆ ಇದರಿಂದ ಏನೂ ನಷ್ಟವಿಲ್ಲ.

ಅಡಿಕೆ ತೋಟದ ಮೇಲೆ ತೆಗೆದ ನನ್ನ ಒಂದು ಶಾಟಿಗೆ ಇದು ಸಾಲಲಿಲ್ಲ. ಎದುರುಗಾಳಿಗೆ ಸ್ಟಿಕ್ ಪೂರ್ತಿ ಒತ್ತಿದ್ದೆ. ಡ್ರೋನಿನ ಮೂತಿ ಬಗ್ಗಿತು, ಗಿಂಬಲ್ ಮಾತ್ರ ಕ್ಯಾಮೆರಾವನ್ನು ನೇರವಾಗಿಯೇ ಹಿಡಿದಿತ್ತು. ಹಾಗಾಗಿ ಮುಂದಿನ ಪ್ರೊಪೆಲ್ಲರ್ ಎಡಮೂಲೆಯಲ್ಲಿ 300 ಸಾಲಿನಷ್ಟು ಕೆಳಗಿಳಿದು, 2 ಸೆಕೆಂಡು ಅಲ್ಲೇ ಇತ್ತು. ಅಷ್ಟು ಕತ್ತರಿಸಿದರೆ ದೂರದ ಗುಡ್ಡದ ತಲೆಯೇ ಹೋಗುತ್ತಿತ್ತು.

ಆಗ ಅದೇ ಕ್ಲಿಪ್ಪಿನಿಂದ ತೇಪೆ ಹಾಕಿದೆ. ಮುಂದಕ್ಕೆ ಹಾರುವಾಗ ಚಿತ್ರ ನಡುವಿನಿಂದ ಹೊರಕ್ಕೆ ಹರಡುತ್ತದೆ. ಈಗ ಮೂಲೆಯಲ್ಲಿ ಮುಚ್ಚಿಹೋಗಿರುವುದು ಕೆಲವು ಕ್ಷಣಗಳ ಹಿಂದೆ ಕೊಂಚ ಒಳಗೆ, ಕೊಂಚ ಚಿಕ್ಕದಾಗಿ, ಚೊಕ್ಕವಾಗಿ ಕಂಡಿರುತ್ತದೆ. ಕ್ಲಿಪ್ಪಿನ ಇನ್ನೊಂದು ಪ್ರತಿಯನ್ನು ಮೇಲಿನ ಟ್ರ್ಯಾಕಿನಲ್ಲಿಟ್ಟು, 75 ಫ್ರೇಮು ಹಿಂದಿನ ಭಾಗ ಕಾಣುವಂತೆ ಸರಿಸಿದೆ. 25 ಫ್ರೇಮಿನ ಲೆಕ್ಕದಲ್ಲಿ ಅದು 3 ಸೆಕೆಂಡು. ಅಷ್ಟರಲ್ಲಿ ಡ್ರೋನ್ 30 ಮೀಟರ್ ಹೋಗಿತ್ತು, ಗುಡ್ಡ ಸುಮಾರು ಒಂದು ಕಿಲೋಮೀಟರ್ ದೂರ. ಆದ್ದರಿಂದ ಮೇಲಿನ ಪ್ರತಿಯನ್ನು 103%ಗೆ ಹಿಗ್ಗಿಸಿದಾಗ ಗುಡ್ಡದ ಅಂಚು ಸರಿಯಾಗಿ ಕೂತಿತು. ಹಿಗ್ಗಿಸುವ ಕೇಂದ್ರವನ್ನು ಡ್ರೋನ್ ಸಾಗುತ್ತಿರುವ ದಿಕ್ಕಿನ ಬಿಂದುವಿನಲ್ಲಿ ಇಡಿ, ಫ್ರೇಮಿನ ನಡುವೆ ಅಲ್ಲ. ಆಮೇಲೆ ಮೂಲೆಯಷ್ಟೇ ಉಳಿಯುವಂತೆ ಮಾಸ್ಕ್ ಹಾಕಿ ಅಂಚನ್ನು ಚೆನ್ನಾಗಿ ಮೃದು ಮಾಡಿ.

ಒಂದೇ ಫ್ರೇಮನ್ನು ಸ್ಥಿರಚಿತ್ರ ಮಾಡಿ ಅಂಟಿಸಬೇಡಿ. ಸುತ್ತಲಿನ ಆಕಾಶದಲ್ಲಿ ನಾಯ್ಸ್ ಮಿಣುಗುತ್ತಿರುತ್ತದೆ, ತೇಪೆ ಮಾತ್ರ ಸತ್ತಂತೆ ನಿಂತುಬಿಡುತ್ತದೆ. ಎಕ್ಸ್‌ಪೋಷರ್ ಆಟೋದಲ್ಲಿದ್ದರೆ ತೇಪೆಯ ಬೆಳಕನ್ನೂ ಹೊಂದಿಸಬೇಕಾಗುತ್ತದೆ.

ಮಾಸ್ಕ್ ಎಷ್ಟು ದೊಡ್ಡದಿರಬೇಕು ಎಂಬಲ್ಲಿ ನಾನು ಮೊದಲ ಸಲ ಎಡವಿದ್ದೆ. ತಿರುಗುವ ಪ್ರೊಪೆಲ್ಲರ್ ಅರೆಪಾರದರ್ಶಕ, ಅದರ ತುದಿ ಬಿಳಿ ಆಕಾಶದಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಕಾಂಟ್ರಾಸ್ಟನ್ನು ತಾತ್ಕಾಲಿಕವಾಗಿ ವಿಪರೀತ ಏರಿಸಿ ನೋಡಿ, ಬೂದು ಪಟ್ಟೆ ಎಲ್ಲಿಯವರೆಗಿದೆ ಎಂದು ಗೊತ್ತಾಗುತ್ತದೆ. ಮುಗಿಸಿದ ಮೇಲೂ ಹಾಗೇ ಪರೀಕ್ಷಿಸಿ.

ಈ ಉಪಾಯ ಆಕಾಶಕ್ಕೆ, ದೂರದ ಗುಡ್ಡಕ್ಕೆ ಮಾತ್ರ. ನೂರು ಮೀಟರ್ ದೂರದ ಮರ ಅದೇ 30 ಮೀಟರಿನಲ್ಲಿ 40%ಗಿಂತ ಹೆಚ್ಚು ದೊಡ್ಡದಾಗುತ್ತದೆ, ಹಳೆಯ ಫ್ರೇಮು ಹೊಂದುವುದೇ ಇಲ್ಲ. ಅಡ್ಡಕ್ಕೆ ಹಾರುವಾಗ ಪಕ್ಕದ ಅಂಚಿಗೆ ಬರುವ ಲ್ಯಾಂಡಿಂಗ್ ಕಾಲಿನ ಹಿಂದೆ ಸಾಮಾನ್ಯವಾಗಿ ಇಂಥ ಹತ್ತಿರದ ಮರಗಳೇ ಇರುತ್ತವೆ. ಅಲ್ಲಿ ಕ್ರಾಪೇ ವಾಸಿ. ಹಿನ್ನೆಲೆ ದೂರದ್ದಾದರೆ ತೇಪೆ ಹಾಕಬಹುದು, ಆದರೆ ದೃಶ್ಯ ಒಳಗೆ ಬರುವ ಅಂಚಿನಲ್ಲಿ ಕಾಲಿದ್ದರೆ ಹಿಂದಿನ ಫ್ರೇಮಲ್ಲ, ಮುಂದಿನ ಫ್ರೇಮು ಬೇಕು.

ಸ್ಟೆಬಿಲೈಸ್ ಮಾಡುವುದನ್ನು ಇದೆಲ್ಲ ಆದ ಮೇಲೆ ಇಟ್ಟುಕೊಳ್ಳಿ. ಮೊದಲೇ ಮಾಡಿದರೆ ಮೂಲೆ ಫ್ರೇಮಿನಿಂದ ಫ್ರೇಮಿಗೆ ಅಲುಗಾಡಿ, ಮಾಸ್ಕನ್ನು ಪ್ರತಿ ಫ್ರೇಮಿನಲ್ಲೂ ಕೈಯಲ್ಲೇ ಸರಿಸಬೇಕಾಗುತ್ತದೆ.