‘ಮನೇಲಿ ಸಮಸ್ಯೆ ಇದೆಯಾ?’ ಅಂತ ಕೇಳಿ ಕೆಟ್ಟವಳಾದೆ

ಪ್ರಶ್ನೆ: ನಾನು ಕಾರವಾರ ಹತ್ತಿರದ ಸರ್ಕಾರಿ ಶಾಲೆಯ ಶಿಕ್ಷಕಿ. ಐದನೇ ಕ್ಲಾಸಿನ ಚೂಟಿ ಹುಡುಗನೊಬ್ಬ ಆಗಸ್ಟಿನಿಂದ ಮಂಕಾಗಿದ್ದಾನೆ. ತಂದೆ ಬೋಟಿಗೆ ಹೋಗುತ್ತಾರೆ, ತಾಯಿ ಮೀನು ಮಾರುತ್ತಾರೆ. ‘ಮಗ ಮೊದಲಿನ ಹಾಗಿಲ್ಲ, ಮನೇಲಿ ಸಮಸ್ಯೆ ಇದೆಯಾ?’ ಅಂತ ತಾಯಿಗೆ ವಾಟ್ಸಾಪ್ ಮಾಡಿದೆ. ‘ಮನೇಲಿ ಎಂತದೂ ಇಲ್ಲ ಅಕ್ಕೋರೆ, ಶಾಲೇಲೇ ಏನೋ ಆಗಿರ್ಬೇಕು’ ಅಂದರು. ಈಗ ಫೋನೂ ಎತ್ತುವುದಿಲ್ಲ.

ಉತ್ತರ: ಆ ತಾಯಿ ಹೇಳಿದ್ದರಲ್ಲಿ ಒಂದು ಮಾತು ನಿಜ ಇರಬಹುದು. ಶಾಲೆಯಲ್ಲೇ ಏನೋ ಆಗಿರಬಹುದು. ಹಾಗಾಗಿ ಮೊದಲು ನಮ್ಮ ಕಡೆ ನೋಡಿ. ಅವನ ಪಕ್ಕ ಕೂರುವವನು ಬದಲಾದನಾ? ಆಟದ ಹೊತ್ತಲ್ಲಿ ಯಾರ ಜೊತೆ ಇರುತ್ತಾನೆ? ಬಿಸಿಯೂಟ ಅರ್ಧಕ್ಕೇ ಬಿಡುತ್ತಾನಾ? ನಾಲ್ಕು ದಿನ ಕಂಡದ್ದನ್ನು ತಾರೀಖಿನ ಜೊತೆ ಬರೆದಿಡಿ. ‘ಮಂಕಾಗಿದ್ದಾನೆ’ ಅನ್ನುವುದು ನಿಮ್ಮ ತೀರ್ಮಾನ. ‘ಮೂರು ದಿನ ಊಟ ಬಿಟ್ಟ’ ಅನ್ನುವುದು ಕಣ್ಣಿಗೆ ಕಂಡದ್ದು. ತಾಯಿ ಜಗಳಾಡುವುದು ಮೊದಲನೆಯದರ ಜೊತೆ.

ಜೂನ್, ಜುಲೈ ಮೀನುಗಾರಿಕೆ ನಿಷೇಧ, ಅಪ್ಪ ಮನೆಯಲ್ಲೇ ಇರುತ್ತಾರೆ. ಆಗಸ್ಟ್ 1ರ ನಂತರ ಬೋಟು ಹೊರಟಿತು ಅಂದರೆ ಮನೆ ಖಾಲಿ ಖಾಲಿ. ಕಾರಣ ಇದೇ ಇರಬಹುದು ಅಂತ ನಿಮಗೂ ಅನ್ನಿಸಿರಬೇಕು. ಆದರೆ ಅದನ್ನು ನೀವೇ ಹೇಳಬೇಡಿ. ನಿಮ್ಮ ಊಹೆ ಸುಳ್ಳಾದರೆ ಮಾತು ಅಲ್ಲಿಗೇ ನಿಂತಿತು.

ಈ ಸಲ ಬರೆಯಬೇಡಿ, ವಾಯ್ಸ್ ಮೆಸೇಜ್ ಕಳಿಸಿ. ಅಕ್ಷರದಲ್ಲಿ ದನಿ ಕೇಳಿಸುವುದಿಲ್ಲ. ಮನೆಮಾತು ಕೊಂಕಣಿ ಆಗಿದ್ದು ನಿಮಗೂ ಬರುತ್ತದಾದರೆ ಕೊಂಕಣಿಯಲ್ಲೇ ಹೇಳಿ. ಕ್ಲಾಸ್ ಗ್ರೂಪಿಗಂತೂ ಬೇಡವೇ ಬೇಡ. ನಾನಾದರೆ ಹೀಗೆ ಹೇಳುತ್ತಿದ್ದೆ:

‘ಅಕ್ಕಾ, ಮೊನ್ನೆ ನಾನು ಕೇಳಿದ ರೀತಿ ಸರಿಯಿರಲಿಲ್ಲ, ಬೇಜಾರು ಮಾಡ್ಕೋಬೇಡಿ. ಮಗ ತಪ್ಪೇನೂ ಮಾಡಿಲ್ಲ. ಈ ವಾರ ಮೂರು ದಿನ ಊಟ ಅರ್ಧ ಬಿಟ್ಟ, ಆಟಕ್ಕೂ ಹೋಗಲಿಲ್ಲ. ಶಾಲೆಯಲ್ಲಿ ಏನಾದರೂ ಆಯ್ತಾ ಅಂತ ನಾನು ನೋಡ್ತಾ ಇದ್ದೇನೆ. ಮನೇಲಿ ಊಟ, ನಿದ್ದೆ ಹೇಗಿದೆ? ಅವನನ್ನು ನನಗಿಂತ ನೀವು ಜಾಸ್ತಿ ಬಲ್ಲಿರಿ. ನಿಮಗೆ ಯಾವಾಗ ಪುರುಸೊತ್ತು ಹೇಳಿ, ಆಗ ಫೋನ್ ಮಾಡ್ತೇನೆ.’

‘ತಪ್ಪೇನೂ ಮಾಡಿಲ್ಲ’ ಅನ್ನುವುದನ್ನು ಬಿಡಬೇಡಿ. ಶಾಲೆಯಿಂದ ಮೆಸೇಜ್ ಬಂತು ಅಂದ ಕೂಡಲೇ ಮಗುವಿಗೆ ಎರಡು ಬಿಗಿಯುವ ಮನೆಗಳು ಉಂಟು. ಕಳಿಸುವ ಮೊದಲು ಹುಡುಗನಿಗೂ ಒಂದು ಮಾತು ಹೇಳಿ: ‘ಅಮ್ಮನ ಹತ್ರ ಮಾತಾಡ್ತೇನೆ, ದೂರು ಅಲ್ಲ.’ ಅವನ ಮುಖ ನೋಡಿ. ಬೇಡ ಅಂತ ಹೆದರಿದರೆ ಕಳಿಸಬೇಡಿ. ಯಾಕೆ ಅಂತ ಮೆಲ್ಲಗೆ ಕೇಳಿ. ಮೈಮೇಲೆ ಗಾಯ ಕಂಡರೆ, ಮನೆಗೆ ಹೋಗಲು ಭಯ ಅಂದರೆ, ಅವತ್ತೇ ಮುಖ್ಯ ಶಿಕ್ಷಕರಿಗೆ ತಿಳಿಸಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಇನ್ನು ಫೋನ್ ಎತ್ತದ ವಿಷಯ. ನೀವು ಬಿಡುವಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ ಮಾಡಿರಬೇಕು ಅಲ್ವಾ? ಆ ಹೊತ್ತಿಗೆ ಅವರ ಕೈಯಲ್ಲಿ ಬಂಗಡೆ ಇರುತ್ತದೆ, ಮುಂದೆ ಗಿರಾಕಿ ಇರುತ್ತಾರೆ. ಸಂಜೆ ಮಾಡಿ ನೋಡಿ.