ಡಿಸ್ಕ್ ಆಪರೇಷನ್ ಆದ ಮೇಲೆ ಗೊಬ್ಬರದ ಚೀಲ ಎತ್ತುವುದು ಯಾವಾಗ?

ಓದುಗರ ಪತ್ರ: ನನಗೆ 43 ವರ್ಷ, ರಸಗೊಬ್ಬರದ ಅಂಗಡಿಯಲ್ಲಿ ಕೆಲಸ. ಸೊಂಟದ ನಾಲ್ಕು ಮತ್ತು ಐದನೇ ಮೂಳೆಗಳ ನಡುವಿನ ಡಿಸ್ಕ್ ಆಪರೇಷನ್ ಆಗಿ 12 ದಿನ ಕಳೆದಿದೆ. ಕಾಲಿನ ಸೆಳೆತ ಪೂರ್ತಿ ನಿಂತಿದೆ, ಹೆಬ್ಬೆರಳ ಹತ್ತಿರ ಜೋಮು ಮಾತ್ರ ಉಳಿದಿದೆ. ಡಾಕ್ಟರು ನಡೆಯಿರಿ ಎನ್ನುತ್ತಾರೆ, ಮನೆಯವರು ಮೂರು ತಿಂಗಳು ಮಲಗಿರು ಎನ್ನುತ್ತಾರೆ, ಮಾಲೀಕರು ಮುಂದಿನ ವಾರ ಬಾ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಸಂಪಾದಕರ ಉತ್ತರ: ನಡೆಯುವ ವಿಷಯದಲ್ಲಿ ಡಾಕ್ಟರ ಮಾತು, ಭಾರದ ವಿಷಯದಲ್ಲಿ ಅರ್ಧದಷ್ಟು ಮನೆಯವರ ಮಾತು. ಇದಕ್ಕೆ ಕಾರಣ ಆಪರೇಷನ್ನಿನಲ್ಲಿ ಏನು ನಡೆಯಿತು ಎಂಬುದರಲ್ಲಿದೆ. ಸಾಮಾನ್ಯವಾಗಿ ಇಡೀ ಡಿಸ್ಕನ್ನು ತೆಗೆಯುವುದಿಲ್ಲ. ಹೊರಕ್ಕೆ ಚಾಚಿ ನರದ ಬೇರನ್ನು ಒತ್ತುತ್ತಿದ್ದ ತುಣುಕನ್ನು, ಅದರ ಜೊತೆಗೆ ಒಳಗೆ ಸಡಿಲವಾಗಿ ಉಳಿದಿದ್ದ ಭಾಗವನ್ನು ಮಾತ್ರ ತೆಗೆಯುತ್ತಾರೆ. ಒತ್ತಡ ಹೋದ ಕೂಡಲೇ ಕಾಲಿನ ಸೆಳೆತ ನಿಲ್ಲುತ್ತದೆ. ಆದರೆ ತುಣುಕು ಹೊರಬಂದಿದ್ದ ಡಿಸ್ಕಿನ ಹೊರಪದರದ ಬಿರುಕು ಹಾಗೆಯೇ ಇರುತ್ತದೆ, ಮತ್ತು ಆ ಪದರಕ್ಕೆ ರಕ್ತಪೂರೈಕೆ ತೀರ ಕಡಿಮೆಯಾದ್ದರಿಂದ ಅಲ್ಲಿ ಗಾಯದ ಅಂಗಾಂಶ ಕೂಡಿಕೊಳ್ಳಲು ವಾರಗಳಲ್ಲ, ತಿಂಗಳುಗಳೇ ಹಿಡಿಯುತ್ತವೆ. ಚರ್ಮದ ಹೊಲಿಗೆ ಒಣಗಿ ನೋವು ಮಾಯವಾದ ಮೂರನೇ ವಾರದಲ್ಲಿ ಮನುಷ್ಯನಿಗೆ ತಾನು ಗುಣವಾದೆ ಎನಿಸುತ್ತದೆ. ಒಳಗಿನ ಬಿರುಕಿಗೆ ಅದು ಗೊತ್ತಿರುವುದಿಲ್ಲ. ಅದೇ ಜಾಗದಲ್ಲಿ ಡಿಸ್ಕ್ ಮತ್ತೆ ಜಾರುವುದು ನೂರರಲ್ಲಿ ಸುಮಾರು 5ರಿಂದ 15 ಮಂದಿಗೆ.

ಹಾಗೆಂದು ಮಲಗಿರುವುದೂ ಪರಿಹಾರವಲ್ಲ. ಹಾಸಿಗೆಯಲ್ಲೇ ಕಾಲ ಕಳೆದರೆ ಬೆನ್ನಿನ ಸ್ನಾಯುಗಳು ಸೊರಗುತ್ತವೆ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಸಮತಟ್ಟಾದ ನೆಲದಲ್ಲಿ, ಬಿಗಿಯಾದ ಚಪ್ಪಲಿ ಹಾಕಿಕೊಂಡು, ದಿನಕ್ಕೆ ನಾಲ್ಕೈದು ಸಲ ಹತ್ತು ಹತ್ತು ನಿಮಿಷ ನಡೆಯಿರಿ. ಮರುದಿನ ಕಾಲಿನಲ್ಲಿ ಸೆಳೆತ ಮರುಕಳಿಸದಿದ್ದರೆ ಒಂದೊಂದು ಸುತ್ತಿಗೆ ಎರಡು ಮೂರು ನಿಮಿಷ ಸೇರಿಸುತ್ತ ಹೋಗಿ. ಬೆನ್ನಿನ ಗಾಯದ ಸುತ್ತ ಒಂದಿಷ್ಟು ಬಿಗಿತವಿದ್ದರೆ ಅದಕ್ಕೆ ಹೆದರಿ ನಿಲ್ಲಿಸಬೇಕಿಲ್ಲ. ಕುಳಿತುಕೊಳ್ಳುವುದು ನಡೆಯುವುದಕ್ಕಿಂತ ಹೆಚ್ಚು ಶ್ರಮ ಕೊಡುತ್ತದೆ, ಏಕೆಂದರೆ ಮುಂದಕ್ಕೆ ಬಾಗಿ ಕುಳಿತಾಗ ಡಿಸ್ಕಿನ ಒಳಗಿನ ಒತ್ತಡ ನಿಂತಾಗಿನದಕ್ಕಿಂತ ಜಾಸ್ತಿ. ಈಗ ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಎದ್ದು ನಿಲ್ಲುವುದು ಒಳ್ಳೆಯದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದನ್ನು ಸದ್ಯಕ್ಕೆ ಬಿಡಿ. ಮಂಚದಿಂದ ಏಳುವಾಗ ಮೊದಲು ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸಿ, ಕೈ ಊರಿ ಏಳಬೇಕು.

ಭಾರದ ಮಾತಿಗೆ ಬರುತ್ತೇನೆ. ಇಷ್ಟೇ ವಾರಗಳ ಮಿತಿ ಇರಬೇಕೆಂಬುದಕ್ಕೆ ಗಟ್ಟಿ ಪುರಾವೆ ಕಡಿಮೆ ಎಂಬುದನ್ನು ಒಪ್ಪಬೇಕು: 1996ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಯಾವ ನಿರ್ಬಂಧವೂ ಇಲ್ಲದ 50 ರೋಗಿಗಳು ಬೇಗನೆ ಕೆಲಸಕ್ಕೆ ಮರಳಿದ್ದರು. ಆದರೂ ನಿಮ್ಮಂಥವರ ಕೆಲಸದಲ್ಲಿ ಎಚ್ಚರಿಕೆಯೇ ಲೇಸು ಎಂದು ನನ್ನ ಅಭಿಪ್ರಾಯ. ಯೂರಿಯಾ ಚೀಲ 45 ಕಿಲೋ, ಡಿಎಪಿ 50 ಕಿಲೋ. ರಾಶಿಯಿಂದ ಚೀಲ ಇಳಿಸುವಾಗ ಬಾಗುವುದು, ಎತ್ತುವುದು, ಸೊಂಟ ತಿರುಗಿಸುವುದು ಮೂರೂ ಒಂದೇ ಉಸಿರಿನಲ್ಲಿ ನಡೆಯುತ್ತವೆ, ಬಿರುಕಿಗೆ ಅತಿ ಕೆಟ್ಟದ್ದು ಈ ಕೂಟವೇ. ಮೊದಲ ಆರು ವಾರ ಎರಡು ಮೂರು ಕಿಲೋಗಿಂತ ಹೆಚ್ಚು ಬೇಡ. ಅಂದರೆ ಮನೆಯ ಸಣ್ಣ ಹಾಲಿನ ಕ್ಯಾನು ಸರಿ, ತುಂಬಿದ ಕೊಡ ಇಲ್ಲ. ಆರನೇ ವಾರದ ತಪಾಸಣೆಯ ನಂತರ, ಫಿಸಿಯೋಥೆರಪಿ ವ್ಯಾಯಾಮ ಶುರುವಾದ ಮೇಲೆ, ಮೈಗೆ ಒತ್ತಿ ಹಿಡಿದು ಐದರಿಂದ ಹತ್ತು ಕಿಲೋ. ಇಡೀ ಚೀಲದ ಪ್ರಶ್ನೆ ಮೂರು ತಿಂಗಳಿಗೆ ಮುಂಚೆ ಏಳುವುದೇ ಇಲ್ಲ, ಏಳುವಾಗಲೂ ಇಬ್ಬರು ಹಿಡಿಯುವುದು ಇಲ್ಲವೇ ತಳ್ಳುಗಾಡಿ ಬಳಸುವುದು ಒಳ್ಳೆಯದು.

ಮುಂದಿನ ವಾರ ಚೀಲ ಎತ್ತಲು ಹೋಗಬೇಡಿ. ಆದರೆ ಮೂರು ನಾಲ್ಕನೇ ವಾರದಲ್ಲಿ, ಅರ್ಧ ಗಂಟೆ ಕುಳಿತರೂ ಕಾಲು ಎಳೆಯದಿದ್ದರೆ, ಗಲ್ಲಾದಲ್ಲಿ ಬಿಲ್ ಬರೆಯುವ ಅರ್ಧ ದಿನದ ಕೆಲಸ ಕೇಳಬಹುದು. ‘ಆರು ವಾರ ಕೂತು ಮಾಡುವ ಕೆಲಸ, ನಂತರ ಮರುಪರೀಕ್ಷೆ’ ಎಂದು ಡಾಕ್ಟರಿಂದ ಬರೆಸಿಕೊಂಡು ಹೋದರೆ ಮಾಲೀಕರೊಡನೆ ಮಾತು ಸುಲಭ. ಅಂಗಡಿಗೆ ಸ್ಕೂಟರಿನಲ್ಲಿ ಹೋಗುವುದಾದರೆ ಹಳ್ಳದಿಣ್ಣೆಯ ರಸ್ತೆ ಆರನೇ ವಾರದವರೆಗೆ ಬೇಡ, ಹಿಂದೆ ಕೂತರೂ ಅದೇ ಕುಲುಕಾಟ.

ಹೆಬ್ಬೆರಳ ಜೋಮು ಒತ್ತಿಹೋಗಿದ್ದ ಐದನೇ ಸೊಂಟದ ನರದ್ದು. ಅದು ತಿಂಗಳುಗಟ್ಟಲೆ ಉಳಿದು ನಿಧಾನವಾಗಿ ತಗ್ಗುತ್ತದೆ, ಕೆಲವರಲ್ಲಿ ಸ್ವಲ್ಪ ಉಳಿದೇ ಹೋಗುತ್ತದೆ. ಪಾದ ಮೇಲಕ್ಕೆತ್ತಲು ಬಲವಿದೆಯೇ ಎಂದು ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ನಡೆದು ನೋಡಿ. ಗೋಡೆಯ ಆಸರೆ ಇರಲಿ. ಪಾದ ಹೊಸದಾಗಿ ಜೋಲುತ್ತಿದ್ದರೆ, ಕಾಲಿನ ಸೆಳೆತ ಒಮ್ಮೆಲೇ ಮರಳಿ ಬಂದರೆ, ಜ್ವರದ ಜೊತೆ ಬೆನ್ನುನೋವು ದಿನದಿನಕ್ಕೆ ಏರಿದರೆ, ಗಾಯದಿಂದ ನೀರು ಒಸರಿದರೆ, ಅಥವಾ ಮೀನಖಂಡ ಊದಿ ನೋಯುತ್ತಿದ್ದರೆ ಅಂದೇ ನಿಮ್ಮ ಸರ್ಜನರಿಗೆ ತಿಳಿಸಿ. ಮೂತ್ರ ಕಟ್ಟಿದರೆ, ಗುದದ್ವಾರ ಮತ್ತು ತೊಡೆಯ ಒಳಭಾಗ ಮರಗಟ್ಟಿದರೆ ತಡಮಾಡದೆ ರಾತ್ರಿಯಾದರೂ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಆ ನರಗಳ ಮೇಲಿನ ಒತ್ತಡಕ್ಕೆ ಗಂಟೆಗಳ ಲೆಕ್ಕ.