ವಯಸ್ಸಾದವರಿಗೆ ಕಾರು: ಟೇಪು ಹಿಡಿದು ಸೀಟಿನ ಎತ್ತರ ಅಳೆಯಿರಿ

ಪ್ರಶ್ನೆ: ಅಮ್ಮನಿಗೆ 74 ವರ್ಷ, 152 ಸೆಂ.ಮೀ. ಎತ್ತರ, ಬಲ ಮಂಡಿ ನೋವು. ಹತ್ತಿರದ ಓಡಾಟಕ್ಕೆ ಈಗಲೂ ಅವರೇ ಕಾರು ಓಡಿಸುತ್ತಾರೆ. ಹಳೇ ಸೆಡಾನಿನಿಂದ ಏಳುವುದು ಕಷ್ಟವಾಗಿದೆ. ಎತ್ತರದ ಎಸ್‌ಯುವಿ ತೆಗೆದುಕೊಳ್ಳುವುದು ಸರಿಯೇ?

ಎಸ್‌ಯುವಿ ಬೇಡ ಎಂದೇ ನನ್ನ ಅಭಿಪ್ರಾಯ. ತಗ್ಗಿನ ಸೀಟಿನಿಂದ ಏಳುವುದು ಎಷ್ಟು ಕಷ್ಟವೋ ಎತ್ತರದ ಸೀಟಿಗೆ ಹತ್ತುವುದೂ ಅಷ್ಟೇ ಕಷ್ಟ, ಮಂಡಿ ನೋವಿರುವವರಿಗಂತೂ ಇನ್ನೂ ಹೆಚ್ಚು. ಸೀಟು ಸರಿಯಾದ ಎತ್ತರದಲ್ಲಿದ್ದರೆ ಅವರು ಬೆನ್ನು ತಿರುಗಿಸಿ ನಿಂತು, ಕುರ್ಚಿಯ ಮೇಲೆ ಕೂತಂತೆ ಮೊದಲು ಕೂತು, ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ತೆಗೆದುಕೊಳ್ಳಬಹುದು. ಸೀಟು ಎತ್ತರವಾದಾಗ ಹಾಗೆ ಕೂರಲು ಆಗುವುದಿಲ್ಲ. ಒಂದು ಕಾಲು ಮೊದಲು ಒಳಗಿಟ್ಟು, ಹೊರಗಿರುವ ಇನ್ನೊಂದು ಕಾಲಿನ ಮೇಲೆ ಇಡೀ ಮೈಭಾರ ಹಾಕಿ, ಅದೇ ಕಾಲನ್ನು ತಿರುಚಿ ಮೇಲೇರಬೇಕು. ನೋಯುವ ಮಂಡಿಗೆ ಈ ತಿರುಚುವಿಕೆಗಿಂತ ಕೆಟ್ಟದ್ದಿಲ್ಲ. ಪಕ್ಕದಲ್ಲಿ ಮೆಟ್ಟಿಲು ಹಾಕಿಸಿದರೂ ಇದು ತಪ್ಪುವುದಿಲ್ಲ. ಅದನ್ನು ಏರುವಾಗಲೂ ಒಂಟಿ ಕಾಲಿನ ಮೇಲೆಯೇ ನಿಲ್ಲಬೇಕು, ಇಳಿಯುವಾಗ ಅದೇ ಮೆಟ್ಟಿಲು ಕಾಲಿಗೆ ಅಡ್ಡ ಬರುತ್ತದೆ.

ಹಾಗಾದರೆ ಸರಿಯಾದ ಎತ್ತರ ಎಷ್ಟು? ಶೋರೂಮಿಗೆ ಹೋಗುವ ಮೊದಲೇ ಮನೆಯಲ್ಲಿ ಕಂಡುಕೊಳ್ಳಿ. ಅಲುಗಾಡದ ಕುರ್ಚಿಯೊಂದನ್ನು ಗೋಡೆಗೆ ಒರಗಿಸಿ, ಅದರ ಮೇಲೆ ಗಟ್ಟಿಯಾಗಿ ಮಡಿಸಿದ ಕಂಬಳಿಗಳನ್ನು ಒಂದೊಂದಾಗಿ ಇಡುತ್ತಾ ಹೋಗಿ. ಅಮ್ಮ ಹೊರಗೆ ಹಾಕಿಕೊಳ್ಳುವ ಚಪ್ಪಲಿಯನ್ನೇ ಹಾಕಿಕೊಂಡಿರಲಿ, ನೀವು ಪಕ್ಕದಲ್ಲೇ ನಿಂತಿರಿ. ಕೈ ಊರದೆ, ಮುಖ ಕಿವುಚದೆ ಏಳಲು ಆಗುವ ಅತಿ ಕಡಿಮೆ ಎತ್ತರ ಒಂದು ಅಳತೆ. ಹಿಮ್ಮಡಿ ನೆಲ ಬಿಡದೆ ಹಿಂದಕ್ಕೆ ಕೂರಲು ಆಗುವ ಅತಿ ಹೆಚ್ಚಿನ ಎತ್ತರ ಇನ್ನೊಂದು. ಉದಾಹರಣೆಗೆ ಮೊದಲನೆಯದು 51, ಎರಡನೆಯದು 59 ಸೆಂ.ಮೀ. ಬಂತು ಎಂದಿಟ್ಟುಕೊಳ್ಳಿ. ಆಗ ನೆಲದಿಂದ 46 ಸೆಂ.ಮೀ. ಇರುವ ಸೆಡಾನ್ ಸೀಟು ಏಕೆ ಕಷ್ಟವಾಗುತ್ತಿದೆ, 68 ಸೆಂ.ಮೀ. ಇರುವ ಎಸ್‌ಯುವಿ ಸೀಟು ಏಕೆ ಬೇಡ ಎಂಬುದು ಎರಡೂ ಒಟ್ಟಿಗೇ ತಿಳಿಯುತ್ತದೆ. ಇವರಿಗೆ ಹೊಂದುವುದು ಮಾಡು ಎತ್ತರವಿರುವ ಹ್ಯಾಚ್‌ಬ್ಯಾಕ್ ಅಥವಾ ಸಣ್ಣ ಕ್ರಾಸ್ಓವರ್.

ಕಾರಿನಲ್ಲಿ ಅಳೆಯುವಾಗ ಖಾಲಿ ಸೀಟನ್ನು ಅಳೆದು ಮೋಸಹೋಗಬೇಡಿ. ಕೂತಾಗ ಕುಶನ್ ಕೆಲವು ಸೆಂ.ಮೀ. ತಗ್ಗುತ್ತದೆ. ಅಮ್ಮನನ್ನೇ ಅಂಚಿನಲ್ಲಿ ಕೂರಿಸಿ, ನೆಲದಿಂದ ತೊಡೆಯ ಕೆಳಭಾಗದವರೆಗೆ ಟೇಪು ಹಿಡಿಯಿರಿ. ಸೀಟಿನ ಹೊರ ಅಂಚಿನಲ್ಲಿ ದಪ್ಪ ಉಬ್ಬು ಇದ್ದರೆ ಪ್ರತಿ ಸಲವೂ ಅದನ್ನು ದಾಟಿ ಜಾರಬೇಕಾಗುತ್ತದೆ, ಆದ್ದರಿಂದ ಚಪ್ಪಟೆ ಅಂಚಿನ ಸೀಟು ಮೇಲು. ಬಾಗಿಲಿನ ಹೊಸ್ತಿಲನ್ನೂ ನೋಡಿ. ಅದು ಅಗಲವಾಗಿದ್ದರೆ ಕಾಲು ಸೀಟಿನಿಂದ ದೂರದಲ್ಲಿ ಊರುತ್ತದೆ, ಏಳುವಾಗ ಮೈಭಾರ ಪಾದದ ಮೇಲೆ ಬರುವುದಿಲ್ಲ. ಒಳಗಿನ ನೆಲ ಹೊಸ್ತಿಲಿಗಿಂತ ತುಂಬ ಆಳದಲ್ಲಿದ್ದರೆ ಇಳಿಯುವಾಗ ಪಾದವನ್ನು ಅಷ್ಟು ಎತ್ತಬೇಕು. ಎಡವುವುದು ಹೆಚ್ಚಾಗಿ ಇಲ್ಲೇ.

ಒಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಸೀಟು ನೆಲದಿಂದ 55 ಸೆಂ.ಮೀ. ಇದ್ದರೂ, 15 ಸೆಂ.ಮೀ. ಎತ್ತರದ ಪಾದಚಾರಿ ಕಟ್ಟೆಗೆ ಒತ್ತಿ ಕಾರು ನಿಲ್ಲಿಸಿದರೆ, ಕಟ್ಟೆಯ ಮೇಲೆ ಕಾಲೂರಿ ಏಳುವವರಿಗೆ ಅದು 40 ಸೆಂ.ಮೀ. ಸೀಟು! ಅಮ್ಮ ಪಕ್ಕದ ಸೀಟಿನಲ್ಲಿ ಕೂತಿದ್ದಾಗ ಕಟ್ಟೆಯಿಂದ ಅವರು ನಿಲ್ಲುವಷ್ಟು ಜಾಗ ಬಿಟ್ಟು ನಿಲ್ಲಿಸಿ.

ಬಾಗಿಲಿನ ವಿಷಯಕ್ಕೆ ಬಂದರೆ, ಪೂರ್ತಿ ಎಷ್ಟು ತೆರೆಯುತ್ತದೆ ಎನ್ನುವುದಕ್ಕಿಂತ ನಡುವೆ ಎಲ್ಲಿ ನಿಲ್ಲುತ್ತದೆ ಎನ್ನುವುದು ಮುಖ್ಯ. ಪಾರ್ಕಿಂಗ್ ಜಾಗದಲ್ಲಿ ಪೂರ್ತಿ ತೆರೆಯುವ ಅವಕಾಶ ಸಿಗುವುದೇ ಅಪರೂಪ. ಬಾಗಿಲು ಸಾಮಾನ್ಯವಾಗಿ ಎರಡು ಅಥವಾ ಮೂರು ಹಂತಗಳಲ್ಲಿ ಕಚ್ಚಿ ನಿಲ್ಲುತ್ತದೆ. ಆ ಹಿಡಿತ ಸಡಿಲವಿದ್ದರೆ, ರಸ್ತೆ ಸ್ವಲ್ಪ ವಾಲಿದ್ದರೂ ಬಾಗಿಲು ತಾನಾಗಿ ಬಂದು ಹೊರಗಿಟ್ಟ ಕಾಲಿಗೆ ಬಡಿಯುತ್ತದೆ. ಟೆಸ್ಟ್ ಡ್ರೈವ್‌ನಲ್ಲಿ ಒಂದು ಇಳಿಜಾರಿನಲ್ಲಿ ನಿಲ್ಲಿಸಿ ಇದನ್ನು ನೋಡಿ. ಪಕ್ಕದಲ್ಲಿ ಇನ್ನೊಂದು ಕಾರು ಇರುವ ಕಡೆ ನಿಲ್ಲಿಸಿ, ಅರ್ಧ ತೆರೆದ ಬಾಗಿಲಿನಿಂದಲೂ ಐದು ಸಲ ಹತ್ತಿ ಇಳಿಯಲಿ. ಮೊದಲ ಸಲ ಎಲ್ಲ ಕಾರೂ ಸುಲಭವೇ. ನಾಲ್ಕನೇ ಸಲ ಅವರು ಎಲ್ಲಿ ಕೈ ಹಾಕುತ್ತಾರೆ ಗಮನಿಸಿ. ಬಾಗಿಲನ್ನೇ ಹಿಡಿದು ಏಳುತ್ತಿದ್ದರೆ ಅದು ಅಪಾಯ, ಏಕೆಂದರೆ ಬಾಗಿಲು ಚಲಿಸುತ್ತದೆ. ಮಾಡಿನ ಹಿಡಿಕೆ ಚಾಲಕರ ಕಡೆ ಅನೇಕ ಕಾರುಗಳಲ್ಲಿ ಇರುವುದೇ ಇಲ್ಲ, ಕೊಳ್ಳುವ ಮೊದಲೇ ನೋಡಿಕೊಳ್ಳಿ. ತಲೆ ಬಾಗಿಸುವಾಗ ಮಾಡಿನ ಅಂಚಿಗೆ ತಾಗುತ್ತದೆಯೇ ಎಂದೂ ನೋಡಿ. ಮುಂದಿನ ಗಾಜು ತುಂಬ ಓರೆಯಾಗಿರುವ ಕಾರುಗಳಲ್ಲಿ ಅದರ ಪಕ್ಕದ ಕಂಬ ಹಣೆಗೆ ಬಡಿಯುವುದುಂಟು.

ಇನ್ನು ನೋಟ. ಇಲ್ಲಿ ಒಂದು ತೊಡಕಿದೆ. ಗಿಡ್ಡವಿರುವವರಿಗೆ ರಸ್ತೆ ಕಾಣಲು ಸೀಟು ಮೇಲೆತ್ತಬೇಕು, ಇಳಿಯಲು ಅದೇ ಸೀಟು ತಗ್ಗಿರಬೇಕು. ಆದ್ದರಿಂದ ಸೀಟಿನ ಅತಿ ಎತ್ತರದ ಸ್ಥಾನದಲ್ಲೂ ನೀವು ಮನೆಯಲ್ಲಿ ತೆಗೆದ ಅಳತೆಯೊಳಗೇ ಇರುವ ಕಾರು ಸಿಕ್ಕರೆ ಅದನ್ನೇ ಆರಿಸಿ. ಈ ಉದಾಹರಣೆಯಲ್ಲಿ ಕೆಳಗಿಳಿಸಿದಾಗ 53, ಮೇಲೆತ್ತಿದಾಗ 58 ಆದರೆ ಅವರು ಸೀಟನ್ನು ಮತ್ತೆ ಮತ್ತೆ ಏರಿಸಿ ಇಳಿಸಬೇಕಿಲ್ಲ. ಲಿವರ್ ಪಂಪ್ ಮಾಡುವ ಕೆಲಸ ಎರಡು ದಿನ ನಡೆಯುತ್ತದೆ, ಮೂರನೇ ದಿನ ಬಿಟ್ಟುಬಿಡುತ್ತಾರೆ. ಅವರ ಕಣ್ಣು ಸ್ಟೀರಿಂಗ್ ಚಕ್ರದ ಮೇಲಂಚಿಗಿಂತ ಸಾಕಷ್ಟು ಮೇಲಿರಬೇಕು. ಚಕ್ರದ ಒಳಗಿನಿಂದ ರಸ್ತೆ ನೋಡುತ್ತಿದ್ದರೆ ಆ ಕಾರು ಅವರಿಗಲ್ಲ. ಪೆಡಲ್ ಪೂರ್ತಿ ಒತ್ತಿದಾಗಲೂ ಚಕ್ರದ ನಡುಭಾಗಕ್ಕೂ ಎದೆಗೂ ಕನಿಷ್ಠ 25 ಸೆಂ.ಮೀ. ಅಂತರ ಉಳಿಯಲಿ, ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಅಷ್ಟು ಜಾಗ ಬೇಕು. ಕಾಣಿಸುವುದಿಲ್ಲವೆಂದು ದಪ್ಪ ದಿಂಬು ಹಾಕಿ ಕೂರಿಸಬೇಡಿ. ಅಪಘಾತದಲ್ಲಿ ದಿಂಬು ಜಾರಿದರೆ ಸೊಂಟದ ಮೇಲಿರಬೇಕಾದ ಬೆಲ್ಟು ಹೊಟ್ಟೆಗೆ ಏರುತ್ತದೆ.

ಮುಂದಿನ ಕಂಬ ಎಷ್ಟು ಮರೆಮಾಡುತ್ತದೆ ಎಂದು ತಿಳಿಯಲು ಅಮ್ಮ ಚಾಲಕರ ಸೀಟಿನಲ್ಲಿ ತಲೆ ಅಲುಗಿಸದೆ ಕೂತಿರಲಿ, ನೀವು ಕಾರಿನ ಮುಂದೆ ಹತ್ತು ಹೆಜ್ಜೆ ದೂರದಲ್ಲಿ ಅಡ್ಡಡ್ಡಲಾಗಿ ನಡೆಯಿರಿ. ನೀವು ಮರೆಯಾದಾಗ ಮತ್ತು ಮತ್ತೆ ಕಂಡಾಗ ಅವರು ಹೇಳಲಿ, ನಡುವಿನ ಹೆಜ್ಜೆಗಳನ್ನು ನೀವು ಎಣಿಸಿ. ಎರಡು ಕಾರುಗಳನ್ನು ಹೋಲಿಸಲು ಇಷ್ಟೇ ಸಾಕು. ಕತ್ತು ತಿರುಗದವರಿಗೆ ರಿವರ್ಸ್ ಕ್ಯಾಮೆರಾ ಅಲಂಕಾರವಲ್ಲ, ಅಗತ್ಯ.

ಗುಂಡಿಗಳ ಪರೀಕ್ಷೆ ಸರಳ. ನಿಂತ ಕಾರನ್ನು ಚಾಲೂ ಮಾಡಿ, ಏನೂ ಹೇಳಿಕೊಡದೆ ನಾಲ್ಕು ಕೆಲಸ ಹೇಳಿ: ವೈಪರ್ ಜೋರು ಮಾಡಿ, ಮುಂದಿನ ಗಾಜಿನ ಮಂಜು ಬಿಡಿಸಿ, ಎಸಿ ಕಡಿಮೆ ಮಾಡಿ, ನಾಲ್ಕೂ ಇಂಡಿಕೇಟರ್ ಹಾಕಿ. ಪರದೆಯೊಳಗೆ ಹುಡುಕುತ್ತಾ ನಿಂತರೆ ಓಡುವಾಗಲೂ ಹಾಗೇ ಹುಡುಕುತ್ತಾರೆ. ಗೇರಿಗೂ ತಿರುಗುವ ಗುಂಡಿಗಿಂತ ಕೈಗೆ ಸ್ಥಾನ ತಿಳಿಯುವ ನೇರ ಲಿವರ್ ಇರುವ ಆಟೋಮ್ಯಾಟಿಕ್ ಒಳ್ಳೆಯದು. ನೋವು ಬಲ ಮಂಡಿಗೇ ಇರುವುದರಿಂದ ಇನ್ನೊಂದು ಮಾತು: ಬ್ರೇಕ್ ಮೇಲಿನ ಕಾಲು ತೆಗೆದರೂ ಕಾರನ್ನು ನಿಲ್ಲಿಸಿಯೇ ಇಡುವ ಆಟೋ ಹೋಲ್ಡ್ ಇದ್ದರೆ ಸಿಗ್ನಲ್‌ಗಳಲ್ಲಿ ಆ ಕಾಲಿಗೆ ಬಿಡುವು ಸಿಗುತ್ತದೆ. ಆದರೆ ಕೆಲವು ಕಾರುಗಳಲ್ಲಿ ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಅದನ್ನು ಮತ್ತೆ ಒತ್ತಬೇಕು, ಮರೆತರೆ ಇದೆ ಎಂದುಕೊಂಡು ಕಾಲು ತೆಗೆಯುವ ಅಪಾಯವಿದೆ. ಅಮ್ಮನಿಗೆ ಹೊಂದಿಸುವ ಮುನ್ನ ಆ ಕಾರಿನಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ಎಂದು ಎಂಜಿನ್ ಆರಿಸಿ, ಮತ್ತೆ ಚಾಲೂ ಮಾಡಿ ನೋಡಿ.